ಮೂರು ಕಂತು ತಪ್ಪಿದ ಮೇಲೆ ಮನೆಗೆ ಏನಾಗುತ್ತದೆ?

ಕೆಂಗೇರಿ ಉಪನಗರದ ಆಚೆ ಒಂದು ಎರಡು ಬೆಡ್‌ರೂಮಿನ ಫ್ಲಾಟ್ ಇದೆ ಅಂದುಕೊಳ್ಳಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಸಾಲ. 40 ಲಕ್ಷ ರೂಪಾಯಿ, ಶೇ 8.5ರ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 34,700 ರೂಪಾಯಿ. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಕಟ್ಟಿದ್ದಾರೆ. ಆಮೇಲೆ ಗಂಡನ ಕೆಲಸ ಹೋಯಿತು. ಹೆಂಡತಿಯ ಸಂಬಳದಲ್ಲಿ ಮನೆ ಖರ್ಚು, ಮಗುವಿನ ಫೀಸು ಅಷ್ಟೇ ನಡೆಯುತ್ತದೆ. ಜನವರಿ 5ರ ಕಂತು ಹೋಗಲಿಲ್ಲ. ಫೆಬ್ರವರಿ, ಮಾರ್ಚ್ ಕಂತುಗಳೂ ಹೋಗಲಿಲ್ಲ.

ಇದು ನಾನು ಲೆಕ್ಕ ಬಿಡಿಸಲು ಕಟ್ಟಿಕೊಂಡ ಉದಾಹರಣೆ. ಆದರೆ ಈ ಊರಿನಲ್ಲಿ ಇಂಥ ಮನೆಗಳಿಗೆ ಬರವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಹೇಗೂ ಪೂರ್ತಿ ಬಾಕಿ ಕಟ್ಟಲು ಆಗುವುದಿಲ್ಲ, ಹಾಗಾಗಿ ಸುಮ್ನೆ ಇರೋಣ ಅಂದುಕೊಳ್ಳುತ್ತಾರೆ. ಮನೆ ಉಳಿಸಿಕೊಳ್ಳಲು ಬೇಕಾದ ಹಣ ದಿನದಿಂದ ದಿನಕ್ಕೆ ಒಂದೇ ಥರ ಏರುವುದಿಲ್ಲ ಎನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಕೆಲವು ತಾರೀಕುಗಳಲ್ಲಿ ಅದು ಒಮ್ಮೆಲೇ ಜಿಗಿಯುತ್ತದೆ. ಆ ತಾರೀಕುಗಳು ಯಾವುವು ಎಂದು ತಿಳಿದವರಿಗೆ ಕಡಿಮೆ ಹಣದಲ್ಲೂ ಜಾಸ್ತಿ ಸಮಯ ಸಿಗುತ್ತದೆ.

ತೊಂಬತ್ತನೇ ದಿನ

ಮೊದಲ ಜಿಗಿತ 90ನೇ ದಿನ. ಕಂತು ತಪ್ಪಿದ ದಿನದಿಂದ ಬ್ಯಾಂಕಿನ ಕಂಪ್ಯೂಟರ್ ದಿನ ಎಣಿಸುತ್ತದೆ. 30 ದಿನಕ್ಕೊಮ್ಮೆ ಖಾತೆಯ ಗುರುತು ಬದಲಾಗುತ್ತದೆ. 90 ದಿನ ತುಂಬಿದ ದಿನದ ಕೊನೆಗೆ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಇದು ಮ್ಯಾನೇಜರ್ ಕೂತು ಮಾಡುವ ತೀರ್ಮಾನ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ದಿನದ ಲೆಕ್ಕ ಮುಗಿಯುವಾಗ ತಾನಾಗಿ ಆಗುವ ಕೆಲಸ. ಹಾಗಾಗಿ ಆವತ್ತು ಸಂಜೆ ಮ್ಯಾನೇಜರನ್ನು ಎಷ್ಟು ಕೇಳಿಕೊಂಡರೂ ಪ್ರಯೋಜನ ಇಲ್ಲ.

ನಮ್ಮ ಕೆಂಗೇರಿ ದಂಪತಿಗೆ ಆ ದಿನ ಏಪ್ರಿಲ್ 5. ಈಗ ಎರಡು ಲೆಕ್ಕ ನೋಡಿ.

ಏಪ್ರಿಲ್ 4ರ ಒಳಗೆ ಅವರು ಹೇಗೋ ಒಂದೇ ಒಂದು ಕಂತು ಹೊಂದಿಸಿ ಕಟ್ಟುತ್ತಾರೆ. ಆ ಹಣ ಎಲ್ಲಕ್ಕಿಂತ ಹಳೆಯ ಬಾಕಿಗೆ, ಅಂದರೆ ಜನವರಿ ಕಂತಿಗೆ ಜಮಾ ಆಗುತ್ತದೆ. ಈಗ ಅತಿ ಹಳೆಯ ಬಾಕಿ ಫೆಬ್ರವರಿ 5ರದು. ಎಣಿಕೆ ಅಲ್ಲಿಂದ ಶುರು. ಹೊಸ ಗಡುವು ಮೇ 6. ಅಂದರೆ 34,700 ರೂಪಾಯಿಗೆ ಒಂದು ತಿಂಗಳು ಸಿಕ್ಕಿತು.

ಏಪ್ರಿಲ್ 5 ದಾಟಿ ಮರುದಿನ ಅದೇ ಹಣ ತಂದರೆ? ಖಾತೆ ಆಗಲೇ ಎನ್‌ಪಿಎ. ಅದನ್ನು ಅಲ್ಲಿಂದ ಹೊರಗೆ ತರಬೇಕಾದರೆ ಒಂದು ಕಂತು ಸಾಲದು. ತಪ್ಪಿದ ಕಂತುಗಳ ಅಷ್ಟೂ ಅಸಲು, ಬಡ್ಡಿ ಕಟ್ಟಬೇಕು. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಏಪ್ರಿಲ್ 5ಕ್ಕೆ ನಾಲ್ಕನೇ ಕಂತೂ ಸೇರಿರುವುದರಿಂದ ಅದು ಸುಮಾರು 1,38,800 ರೂಪಾಯಿ. ಮೇಲೆ ದಂಡ, ಬೌನ್ಸ್ ಶುಲ್ಕ. ಒಂದು ದಿನದ ಅಂತರಕ್ಕೆ ನಾಲ್ಕು ಪಟ್ಟು.

ಇಲ್ಲಿ ಒಂದು ಎಚ್ಚರಿಕೆ. ಕಟ್ಟಿದ ಹಣದಿಂದ ಮೊದಲು ಶುಲ್ಕ ಮುರಿದುಕೊಂಡು ಉಳಿದದ್ದನ್ನು ಕಂತಿಗೆ ಹಾಕುವುದೂ ಉಂಟು. ಆಗ ಹಳೆಯ ಕಂತಿನಲ್ಲಿ ಕೆಲವು ನೂರು ರೂಪಾಯಿ ಬಾಕಿ ಉಳಿದು ದಿನದ ಎಣಿಕೆ ನಿಲ್ಲುವುದೇ ಇಲ್ಲ. ಆದ್ದರಿಂದ ಕಟ್ಟುವ ಮೊದಲು ಶಾಖೆಯಲ್ಲಿ, 'ಸಾರ್, ಜನವರಿ ಕಂತು ಪೂರ್ತಿ ತೀರಬೇಕಾದರೆ ಇವತ್ತಿಗೆ ಎಷ್ಟು ಕಟ್ಟಬೇಕು?' ಎಂದು ಕೇಳಿ. ಆ ಮೊತ್ತವನ್ನೇ ಕಟ್ಟಿ. ಎರಡು ದಿನ ಬಿಟ್ಟು ಸ್ಟೇಟ್‌ಮೆಂಟ್ ತೆಗೆದು ನೋಡಿ. ಕೊನೇ ದಿನದವರೆಗೆ ಕಾಯಬೇಡಿ. ಹಣ ಸಾಲದ ಖಾತೆಗೆ ಜಮಾ ಆಗಲು ಹಿಡಿಯುವ ಸಮಯವೂ ನಿಮ್ಮ ಲೆಕ್ಕದಲ್ಲೇ ಹೋಗುತ್ತದೆ.

ಎನ್‌ಪಿಎ ಗುರುತು ಬೀಳುವುದು ಸಾಲಕ್ಕಲ್ಲ, ಸಾಲಗಾರನಿಗೆ. ಅದೇ ಬ್ಯಾಂಕಿನಲ್ಲಿ ಕಾರ್ ಲೋನ್ ಇದ್ದು ಅದನ್ನು ಸರಿಯಾಗಿ ಕಟ್ಟುತ್ತಿದ್ದರೂ ಅದೂ ಜೊತೆಯಲ್ಲೇ ಎನ್‌ಪಿಎ ಆಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈ ಮೂರು ತಿಂಗಳಲ್ಲಿ ಫೋನ್ ಕರೆಗಳು ಬರುತ್ತವೆ, ಮನೆಗೂ ಜನ ಬರುತ್ತಾರೆ. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮುಂಚೆ, ರಾತ್ರಿ 7ರ ನಂತರ ಕರೆ ಮಾಡುವಂತಿಲ್ಲ. ನೆಂಟರ ಮುಂದೆ, ಅಕ್ಕಪಕ್ಕದವರ ಮುಂದೆ ಮಾನ ಕಳೆಯುವಂತಿಲ್ಲ. ಹಾಗೆ ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಆದರೆ ಕಂತಿನ ಆಟೋ ಡೆಬಿಟ್ ಬೌನ್ಸ್ ಆದದ್ದಕ್ಕೆ 15 ದಿನದಲ್ಲಿ ಹಣ ಕಟ್ಟಿ ಎಂದು ಬರುವ ನೋಟಿಸನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಚೆಕ್ ಬೌನ್ಸ್‌ನಂತೆ ಅದೂ ಕ್ರಿಮಿನಲ್ ಕೇಸ್ ಆಗಬಹುದು. ಮನೆಯ ಹರಾಜಿನ ದಾರಿಯೇ ಬೇರೆ, ಇದರ ದಾರಿಯೇ ಬೇರೆ.

ಅರವತ್ತು ದಿನದ ನೋಟಿಸ್

ಎನ್‌ಪಿಎ ಆದ ಮೇಲೆ ಬರುವ ಮುಖ್ಯ ಕಾಗದ ಒಂದೇ. ಸರ್ಫೇಸಿ ಕಾಯ್ದೆ ಅಂತ ಕರೆಯುವ 2002ರ ಕಾನೂನಿನ 13(2)ನೇ ಕಲಂ ನೋಟಿಸ್. ಅದಕ್ಕೂ ಮುಂಚೆ ವಕೀಲರ ಲೆಟರ್‌ಹೆಡ್‌ನಲ್ಲಿ, ಸಾಲ ವಾಪಸ್ ಕೇಳುತ್ತಿದ್ದೇವೆ ಎಂದು ಏನೇನೋ ಪತ್ರ ಬಂದಿರಬಹುದು. ಅವುಗಳನ್ನು ಇದರ ಜೊತೆ ಬೆರೆಸಬೇಡಿ. ಈ ನೋಟಿಸಿನಲ್ಲಿ 13(2) ಎಂದು ಬರೆದಿರುತ್ತದೆ. ಬ್ಯಾಂಕಿನ ಅಧಿಕೃತ ಅಧಿಕಾರಿಯ ಸಹಿ ಇರುತ್ತದೆ. ಎಷ್ಟು ಬಾಕಿ, ಯಾವ ಆಸ್ತಿಯ ಮೇಲೆ ಎಂಬ ವಿವರ ಇರುತ್ತದೆ. 60 ದಿನದಲ್ಲಿ ಪೂರ್ತಿ ಸಾಲ ತೀರಿಸಿ ಎಂದಿರುತ್ತದೆ. ಗಮನಿಸಿ, ತಪ್ಪಿದ ಕಂತುಗಳನ್ನಲ್ಲ, ಪೂರ್ತಿ ಸಾಲ. ನಮ್ಮ ಉದಾಹರಣೆಯಲ್ಲಿ ಸುಮಾರು 37 ಲಕ್ಷ.

ಆ ಅಂಕಿ ನೋಡಿ ಕೈಕಾಲು ತಣ್ಣಗಾಗುವುದು ಸಹಜ. ಆದರೆ ಈ ಹಂತದಲ್ಲೂ ಬಾಕಿ ಕಂತು, ಶುಲ್ಕ ಪೂರ್ತಿ ಕಟ್ಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಖಾತೆಯನ್ನು ಮತ್ತೆ ಸರಿಮಾಡಿಕೊಂಡು ಕಂತು ಮುಂದುವರಿಸಲು ಒಪ್ಪುತ್ತವೆ. ಮನೆ ಮಾರಿ ವಸೂಲು ಮಾಡುವುದು ಅವರಿಗೂ ತಲೆನೋವು. ಒಪ್ಪಿದರೆ ನೋಟಿಸ್ ವಾಪಸ್ ಪಡೆದಿದ್ದೇವೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿಗೆ ನಂಬಿ ಬರಬೇಡಿ.

ಪೋಸ್ಟ್‌ಮ್ಯಾನ್ ತಂದ ಪತ್ರ ಬೇಡ ಎಂದು ಕಳಿಸಿದರೆ ನೋಟಿಸ್ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ. ಬ್ಯಾಂಕಿನವರು ಬಾಗಿಲಿಗೆ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲಿ ಹಾಕಿಸುತ್ತಾರೆ, ಅದರಲ್ಲಿ ಒಂದು ಕನ್ನಡ ಪತ್ರಿಕೆ. ಅದರ ಖರ್ಚೂ ನಿಮ್ಮ ಖಾತೆಗೇ.

ನೋಟಿಸ್ ಕೈಗೆ ಬಂದ ತಾರೀಕು ಬರೆದಿಟ್ಟುಕೊಳ್ಳಿ. ನಮ್ಮ ದಂಪತಿಗೆ ಅದು ಏಪ್ರಿಲ್ 25ಕ್ಕೆ ಬಂತು ಅಂದುಕೊಂಡರೆ ಜೂನ್ 24ರವರೆಗೆ ಬ್ಯಾಂಕ್ ಮನೆಯ ಸ್ವಾಧೀನಕ್ಕೆ ಕೈ ಹಾಕುವಂತಿಲ್ಲ. ಈ 60 ದಿನದಲ್ಲಿ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮಾಡುವುದೇ ಇಲ್ಲ. ಅದು ನೋಟಿಸಿಗೆ ಲಿಖಿತ ಉತ್ತರ ಕೊಡುವುದು. ನೀವು ಆಕ್ಷೇಪಣೆ ಬರೆದರೆ ಬ್ಯಾಂಕ್ ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು 15 ದಿನದೊಳಗೆ ತಿಳಿಸಬೇಕು. 13(3ಎ) ಕಲಂ ಹೇಳುವುದು ಇದನ್ನೇ. ಬ್ಯಾಂಕ್ ಅದಕ್ಕೆ ಉತ್ತರಿಸದೆ ಮುಂದೆ ಹೋದರೆ, ನಾಳೆ ನ್ಯಾಯಮಂಡಳಿಯಲ್ಲಿ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಅಂಶ ಇರುತ್ತದೆ. ನೀವು ಏನೂ ಬರೆಯದಿದ್ದರೆ ಆ ಅಂಶವೇ ಇಲ್ಲ.

ಉತ್ತರದಲ್ಲಿ ಕಷ್ಟದ ಕಥೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಬ್ಯಾಂಕಿನ ಲೆಕ್ಕವನ್ನು ಪ್ರಶ್ನಿಸಿ. ಎನ್‌ಪಿಎ ಆದ ತಾರೀಕು ಸರಿಯೇ? ನಡುವೆ ಕಟ್ಟಿದ ಹಣ ಜಮಾ ಆಗಿದೆಯೇ? ದಂಡದ ಮೇಲೆ ಮತ್ತೆ ಬಡ್ಡಿ ಹಾಕಿದ್ದಾರೆಯೇ? 2024ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬೇಕು, ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಆಮೇಲೆ ನಿಮ್ಮ ಪ್ರಸ್ತಾಪ ಬರೆಯಿರಿ. ಮೇ 15ಕ್ಕೆ ಇಷ್ಟು, ಜೂನ್ 10ಕ್ಕೆ ಇಷ್ಟು ಎಂದು ತಾರೀಕು, ಮೊತ್ತ ಎರಡನ್ನೂ ಹಾಕಿ. ಸಾಧ್ಯವಾದರೆ ಮೊದಲ ಕಂತಿನ ಹಣವನ್ನು ಕಟ್ಟಿಯೇ ಪತ್ರ ಕೊಡಿ. ಶಾಖೆಯಲ್ಲಿ ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ.

ಸಾಲದ ಬಹುಪಾಲು ಈಗಾಗಲೇ ತೀರಿಸಿದವರು ಇನ್ನೊಂದು ವಿಷಯ ನೋಡಬೇಕು. ಉಳಿದ ಬಾಕಿ ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಇದ್ದರೆ ಈ ಕಾಯ್ದೆಯನ್ನು ಬಳಸುವಂತಿಲ್ಲ. ಬ್ಯಾಂಕ್ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಉಳಿಸಿಕೊಳ್ಳುವುದೋ, ಮಾರುವುದೋ

ಈ 60 ದಿನದಲ್ಲಿ ಗಂಡ ಹೆಂಡತಿ ಕೂತು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಆರು ತಿಂಗಳಲ್ಲಿ ಮತ್ತೆ ತಿಂಗಳಿಗೆ 34,700 ಕಟ್ಟುವ ಆದಾಯ ಬರುತ್ತದೆಯೇ?

ಬರುತ್ತದೆ ಎಂದಾದರೆ ಹೊಂದಿಸಬೇಕಾದ್ದು ಬಾಕಿ ಕಂತುಗಳನ್ನು ಮಾತ್ರ. ಕೆಲಸ ಹೋದವರು ಪಿಎಫ್‌ನ ದೊಡ್ಡ ಭಾಗವನ್ನು ತೆಗೆಯಬಹುದು. ಮನೆಯಲ್ಲಿ ಚಿನ್ನ ಇದ್ದರೆ ಇಂಥ ಹೊತ್ತಿಗೇ ಅದು ಬೇಕಾಗುವುದು. ಸಾಲ ಕೊಡುವಾಗ ಬ್ಯಾಂಕ್ ಜೊತೆಗೇ ಹಚ್ಚಿದ ವಿಮೆಯ ಕಾಗದ ಹುಡುಕಿ ಓದಿ. ಕೆಲವು ವಿಮೆಗಳಲ್ಲಿ ಕೆಲಸ ಹೋದಾಗ, ದೊಡ್ಡ ಕಾಯಿಲೆ ಬಂದಾಗ ಕೆಲವು ಕಂತು ಕಟ್ಟುವ ಷರತ್ತು ಇರುತ್ತದೆ. ಆದರೆ ಕಂತು ಕಟ್ಟಲು ಪರ್ಸನಲ್ ಲೋನ್, ಮೊಬೈಲ್ ಆ್ಯಪ್ ಸಾಲ ಮಾತ್ರ ಬೇಡ. ಶೇ 8.5ರ ಬೆಂಕಿ ಆರಿಸಲು ಅದರ ಎರಡು ಮೂರು ಪಟ್ಟು ಬಡ್ಡಿಯ ಎಣ್ಣೆ ಸುರಿದ ಹಾಗೆ.

ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಿ ಎಂದು ಕೇಳಬಹುದು. ಆದರೆ ಅದರಿಂದ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿಯೇ ಹೋಗಿ. ನಮ್ಮ ದಂಪತಿಗೆ 36.4 ಲಕ್ಷ ಅಸಲು ಉಳಿದಿದೆ, 16 ವರ್ಷ ಬಾಕಿ ಇದೆ. ಅದನ್ನು 25 ವರ್ಷಕ್ಕೆ ಎಳೆದರೂ ಕಂತು 29,300ರ ಹತ್ತಿರ ಬಂದು ನಿಲ್ಲುತ್ತದೆ. ತಿಂಗಳಿಗೆ 5,400 ಉಳಿಸಲು ಒಂಬತ್ತು ವರ್ಷ ಜಾಸ್ತಿ ಕಟ್ಟಬೇಕು. ಕಂತಿನ ಬಹುಪಾಲು ಬಡ್ಡಿಯೇ ಆಗಿರುವುದರಿಂದ ಹೀಗೆ. ಸಂಬಳ ಸ್ವಲ್ಪ ಕಡಿಮೆ ಆದವರಿಗೆ ಇದು ಸಹಾಯ. ಸಂಬಳವೇ ನಿಂತವರಿಗೆ ಅಲ್ಲ.

ಆದಾಯ ಬರುವುದು ಅನುಮಾನ ಎಂದಾದರೆ, ಮನೆಯನ್ನು ನೀವೇ ಮಾರಿ. ಹೇಳಲು ಸುಲಭ, ಕೇಳಲು ಕಷ್ಟ, ಗೊತ್ತು. ಗೃಹಪ್ರವೇಶ ಮಾಡಿ ನಾಲ್ಕು ವರ್ಷ ಆಗಿರುತ್ತದೆ, ಊರಿನವರಿಗೆಲ್ಲ ಊಟ ಹಾಕಿರುತ್ತೇವೆ. ಆದರೂ ಲೆಕ್ಕ ನೋಡಿ. ಫ್ಲಾಟಿಗೆ ಮಾರುಕಟ್ಟೆಯಲ್ಲಿ 65 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳೋಣ. ಕಂತು ನಿಂತ ಐದು ತಿಂಗಳಿಗೆ ಮಾರಿದರೆ ಬ್ಯಾಂಕಿಗೆ ಬಡ್ಡಿ, ಶುಲ್ಕ ಸೇರಿ ಸುಮಾರು 38 ಲಕ್ಷ ಹೋಗುತ್ತದೆ. ಕೈಯಲ್ಲಿ 27 ಲಕ್ಷ ಉಳಿಯುತ್ತದೆ. ಹಾಗೇ ಬಿಟ್ಟು 15 ತಿಂಗಳಿಗೆ ಹರಾಜಿಗೆ ಬಂತು ಅಂದುಕೊಳ್ಳಿ. ಸಾಲ ಬಡ್ಡಿ ಬೆಳೆದು 40.4 ಲಕ್ಷ. ಪತ್ರಿಕೆ ಪ್ರಕಟಣೆ, ಮೌಲ್ಯಮಾಪಕ, ಕೋರ್ಟ್ ಕಮಿಷನರ್, ದಂಡ ಎಲ್ಲ ಸೇರಿ ಇನ್ನೊಂದು ಲಕ್ಷ ಹಿಡಿಯೋಣ. ಹರಾಜಿನಲ್ಲಿ 55 ಲಕ್ಷಕ್ಕೆ ಹೋದರೆ ಉಳಿಯುವುದು 13.6 ಲಕ್ಷ. ಹೆಚ್ಚು ಕಡಿಮೆ ಅರ್ಧ. ಎರಡೂ ದಾರಿಯಲ್ಲಿ ಮನೆ ಹೋಗುತ್ತದೆ. ಆದರೆ ಒಂದರಲ್ಲಿ ಮತ್ತೊಂದು ಮನೆಗೆ ಮುಂಗಡದ ಹಣ ಕೈಯಲ್ಲಿರುತ್ತದೆ.

ಮಾರುವ ಮನಸ್ಸಿದ್ದರೆ ತಡ ಮಾಡಬೇಡಿ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ, ಬಾಡಿಗೆ ಅಥವಾ ಭೋಗ್ಯಕ್ಕೆ ಕೊಡುವಂತಿಲ್ಲ. ಬೆಂಗಳೂರಿನಲ್ಲಿ ಕಷ್ಟಕ್ಕೆ ಸಿಕ್ಕವರು ಮೊದಲು ಯೋಚಿಸುವುದೇ ಭೋಗ್ಯದ ಬಗ್ಗೆ, ಅಲ್ವಾ? ನೋಟಿಸ್ ಮುಚ್ಚಿಟ್ಟು ಹತ್ತು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ನಾಳೆ ಬೀದಿಗೆ ಬೀಳುವುದು ಆ ಬಡಪಾಯಿ ಬಾಡಿಗೆದಾರ. ದಯವಿಟ್ಟು ಹಾಗೆ ಮಾಡಬೇಡಿ.

ಸಾಲ ಇರುವ ಮನೆಯನ್ನು ಮಾರುವ ಕ್ರಮ ಹೀಗಿದೆ. ಮೂಲ ಪತ್ರಗಳು ಬ್ಯಾಂಕಿನಲ್ಲಿವೆ, ಆದ್ದರಿಂದ ಅಲ್ಲಿ ಯಾವ ಯಾವ ಪತ್ರ ಇವೆ ಎಂಬ ಪಟ್ಟಿಯನ್ನೂ, ಸಾಲ ಪೂರ್ತಿ ಮುಗಿಸಲು ಬೇಕಾದ ಮೊತ್ತದ ಪತ್ರವನ್ನೂ ಬ್ಯಾಂಕಿನಿಂದ ಬರೆಸಿಕೊಳ್ಳಿ. ಕೊಳ್ಳುವವರ ಹಣ, ಅಥವಾ ಅವರ ಬ್ಯಾಂಕಿನ ಡಿಡಿ, ನೇರ ನಿಮ್ಮ ಸಾಲದ ಖಾತೆಗೆ ಹೋಗುತ್ತದೆ. ಆಮೇಲೆ ಬ್ಯಾಂಕ್ ಮೂಲ ಪತ್ರ ಬಿಡುತ್ತದೆ. ಬದಲಾಗುವ ಬಡ್ಡಿದರದ ಗೃಹ ಸಾಲವನ್ನು ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ಮನೆಯ ನೋಂದಣಿ ಆಗುವುದಿಲ್ಲ. ಅದಕ್ಕೆ ವಾರಗಟ್ಟಲೆ ಹಿಡಿದರೆ ನಿಮ್ಮ 60 ದಿನದಲ್ಲೇ ಅದು ಕಳೆಯುತ್ತದೆ. ಎರಡನೇ ಕಂತು ತಪ್ಪಿದಾಗಲೇ ಇ-ಖಾತಾ ಮಾಡಿಸಿಕೊಂಡುಬಿಡಿ. ಮನೆ ಮಾರದಿದ್ದರೂ ನಷ್ಟವಿಲ್ಲ.

ಗೋಡೆಗೆ ಅಂಟಿಸುವ ನೋಟಿಸ್

60 ದಿನ ಮುಗಿದರೂ ಏನೂ ಆಗದಿದ್ದರೆ ಬ್ಯಾಂಕ್ ಸ್ವಾಧೀನದ ನೋಟಿಸ್ ಕೊಡುತ್ತದೆ. ಮನೆಯ ಹೊರಗೆ ಅಂಟಿಸಿ, ಏಳು ದಿನದೊಳಗೆ ಪತ್ರಿಕೆಗಳಲ್ಲಿ ಹಾಕಿಸುತ್ತದೆ. ದಿನಪತ್ರಿಕೆಯ ಒಳಪುಟದಲ್ಲಿ ಸಾಲಗಾರರ ಹೆಸರು, ವಿಳಾಸ, ಮೊತ್ತದ ಸಮೇತ ಬರುವ ಸಣ್ಣ ಅಕ್ಷರದ ಪ್ರಕಟಣೆಗಳು ಇವೇ. ಇದನ್ನು ನೋಡಿ ರಾತ್ರೋರಾತ್ರಿ ಮನೆ ಖಾಲಿ ಮಾಡಬೇಡಿ. ಇದು ಕಾಗದದ ಮೇಲಿನ ಸ್ವಾಧೀನ ಮಾತ್ರ. ನೀವು ಮನೆಯೊಳಗೇ ಇರುತ್ತೀರಿ.

ಬೀಗದ ಕೈ ಕೊಡಲು ನೀವು ಒಪ್ಪದಿದ್ದರೆ ಬ್ಯಾಂಕ್ 14ನೇ ಕಲಂ ಅಡಿ ಬೆಂಗಳೂರಿನ ಮುಖ್ಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿಯ ಮುಂದೆ ಅರ್ಜಿ ಹಾಕಬೇಕು. 30 ದಿನದಲ್ಲಿ, ಹೆಚ್ಚೆಂದರೆ 60 ದಿನದಲ್ಲಿ ಆದೇಶ ಆಗಬೇಕೆಂದು ಕಾನೂನಿದೆ. ಆಚರಣೆಯಲ್ಲಿ ಜಾಸ್ತಿ ಹಿಡಿಯುವುದೂ ಉಂಟು. ಅಲ್ಲಿ ನಿಮ್ಮ ವಾದ ಕೇಳುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆದೇಶ ಆದ ಮೇಲೆ ಕೋರ್ಟ್ ಕಮಿಷನರ್, ಪೊಲೀಸರು ಬಂದು ಬೀಗ ಹಾಕುತ್ತಾರೆ. ಈ ಆದೇಶ ತೋರಿಸದೆ ಬರೀ ವಸೂಲಿ ಏಜೆಂಟರು ಬಂದು ಹೊರಗೆ ಹೋಗಿ ಎಂದರೆ ಹೋಗಬೇಕಿಲ್ಲ. 112ಕ್ಕೆ ಕರೆ ಮಾಡಿ.

ನಿಮ್ಮ ವಾದ ಕೇಳುವ ಜಾಗ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿ. ಅದು ಬೆಂಗಳೂರಿನಲ್ಲೇ ಇದೆ. ಸಿವಿಲ್ ಕೋರ್ಟಿಗೆ ಹೋಗಲು ಈ ಕಾಯ್ದೆ ಬಿಡುವುದಿಲ್ಲ. ಡಿಆರ್‌ಟಿ ಇರುವಾಗ ನೇರ ಹೈಕೋರ್ಟಿಗೆ ಬರಬೇಡಿ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. 13(2) ನೋಟಿಸ್ ಬಂದಾಗ ಡಿಆರ್‌ಟಿಗೆ ಹೋಗಲು ಆಗುವುದಿಲ್ಲ. ಸ್ವಾಧೀನದ ಕ್ರಮ ಆದ ದಿನದಿಂದ 45 ದಿನದೊಳಗೆ ಹೋಗಬೇಕು. 40 ಲಕ್ಷದ ಬಾಕಿಗೆ ಅರ್ಜಿ ಶುಲ್ಕ 12,500 ರೂಪಾಯಿ, ವಕೀಲರ ಫೀಸು ಬೇರೆ.

ಡಿಆರ್‌ಟಿಯಿಂದ ಏನು ನಿರೀಕ್ಷಿಸಬಹುದು ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಕಷ್ಟ ನೋಡಿ ಸಾಲ ಮನ್ನಾ ಮಾಡುವ ಜಾಗ ಅದಲ್ಲ. ಬ್ಯಾಂಕ್ ಕ್ರಮ ತಪ್ಪಿದೆಯೇ ಎಂದು ಅದು ನೋಡುತ್ತದೆ. ನೋಟಿಸ್ ಸರಿಯಾಗಿ ತಲುಪಿದೆಯೇ, ಮೊತ್ತ ಸರಿಯೇ, ಆಕ್ಷೇಪಣೆಗೆ ಉತ್ತರ ಕೊಟ್ಟಿದೆಯೇ, ಹೀಗೆ. ತಡೆಯಾಜ್ಞೆ ಸಿಕ್ಕರೂ ಬಾಕಿಯ ಒಂದು ಭಾಗವನ್ನು ಇಂತಿಷ್ಟು ದಿನದಲ್ಲಿ ಕಟ್ಟಿ ಎಂಬ ಷರತ್ತು ಇರುವುದೇ ಜಾಸ್ತಿ. ಕಟ್ಟದಿದ್ದರೆ ತಡೆ ಬಿದ್ದುಹೋಗುತ್ತದೆ. ಎರಡು ವರ್ಷ ಎಳೆದುಕೊಡುತ್ತೇನೆ, ಮೊದಲು ಒಂದು ಲಕ್ಷ ಕೊಡಿ ಎನ್ನುವವರು ಸಿಗುತ್ತಾರೆ. ಆ ಒಂದು ಲಕ್ಷ ಇದ್ದರೆ ಅದನ್ನು ಸಾಲದ ಖಾತೆಗೆ ಕಟ್ಟುವುದು ಎಷ್ಟೋ ಮೇಲು.

ಕೊನೆಯ ಜಿಗಿತ ಹರಾಜಿನ ಪ್ರಕಟಣೆ. ಮೊದಲ ಹರಾಜಿಗೆ 30 ದಿನ ಮುಂಚೆ ನಿಮಗೆ ನೋಟಿಸ್ ಕೊಡಬೇಕು. ಪೂರ್ತಿ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೂ ಇರುತ್ತದೆ ಎಂದು ಹಳಬರು ಈಗಲೂ ಹೇಳುತ್ತಾರೆ. ಅದು ಹಳೆಯ ಮಾತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಪ್ರಕಟಣೆಯ ನಂತರ ಯಾರೋ ನೆಂಟರು 40 ಲಕ್ಷ ತಂದುಕೊಟ್ಟರೂ ಬ್ಯಾಂಕ್ ತೆಗೆದುಕೊಳ್ಳಲೇಬೇಕೆಂದು ಹಟ ಹಿಡಿಯಲು ಆಗುವುದಿಲ್ಲ.

ಹರಾಜು ಆಗಿಯೇಹೋದರೆ ಬ್ಯಾಂಕ್ ತನ್ನ ಸಾಲ, ಖರ್ಚು ಹಿಡಿದುಕೊಂಡು ಉಳಿದ ಹಣವನ್ನು ನಿಮಗೆ ಕೊಡಬೇಕು. ಕಡಿಮೆ ಬಿದ್ದರೆ ಉಳಿದದ್ದನ್ನು ನಿಮ್ಮಿಂದ, ಜಾಮೀನು ಹಾಕಿದವರಿಂದ ವಸೂಲು ಮಾಡಲು ಅದಕ್ಕೆ ಹಕ್ಕಿದೆ. ಮನೆ ಎಷ್ಟಕ್ಕೆ ಹೋಯಿತು, ಯಾವ ಖರ್ಚಿಗೆ ಎಷ್ಟು ಹಿಡಿದಿರಿ, ಉಳಿದದ್ದು ಎಷ್ಟು ಎಂದು ಮಾರಾಟ ಆದ ವಾರದಲ್ಲೇ ಲಿಖಿತವಾಗಿ ಕೇಳಿ. ಮನೆ ಬದಲಿಸಿದ್ದರೆ ಹೊಸ ವಿಳಾಸವನ್ನೂ, ಹಣ ಹಾಕಬೇಕಾದ ಖಾತೆಯ ನಂಬರನ್ನೂ ಅದೇ ಪತ್ರದಲ್ಲಿ ಬರೆಯಿರಿ.